ಬಳಸದ ಕ್ರೆಡಿಟ್ ಕಾರ್ಡ್, ಬಿದ್ದ ವಾರ್ಷಿಕ ಶುಲ್ಕ, ಮುಚ್ಚಿಸಿದ ಪತ್ರ: ಒಂದು ಪ್ರಕರಣ ಅಧ್ಯಯನ

ದಾವಣಗೆರೆಯ ಒಬ್ಬ ಪ್ರೌಢಶಾಲಾ ಶಿಕ್ಷಕಿ 2022ರ ಮೇ 11ರಂದು ಒಂದು ಕ್ರೆಡಿಟ್ ಕಾರ್ಡ್ ಪಡೆದರು. ಅಂಗಡಿಯಲ್ಲಿ ಫ್ರಿಜ್ ಕೊಳ್ಳುವಾಗ ಕಂತಿಗೆ ಅನುಕೂಲ ಎಂದು ಕೊಟ್ಟ ಕಾರ್ಡ್ ಅದು. ಮೊದಲ ವರ್ಷ ಶುಲ್ಕವಿಲ್ಲ, ಆಮೇಲೆ ವರ್ಷಕ್ಕೆ ₹999 ಮತ್ತು ಅದರ ಮೇಲೆ ಜಿಎಸ್‌ಟಿ. ವರ್ಷದಲ್ಲಿ ಒಂದು ಲಕ್ಷ ರೂಪಾಯಿ ಖರ್ಚು ಮಾಡಿದರೆ ಶುಲ್ಕ ಮನ್ನಾ. ಫ್ರಿಜ್ಜಿನ ಒಂಬತ್ತು ಕಂತು 2023ರ ಆರಂಭದಲ್ಲಿ ಮುಗಿದವು. ಅಲ್ಲಿಂದ ಕಾರ್ಡ್ ಬೀರುವಿನಲ್ಲೇ ಇತ್ತು. 2023ರ ಮೇ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬಿದ್ದ ಶುಲ್ಕ ಉಳಿತಾಯ ಖಾತೆಯಿಂದ ತಾನಾಗಿಯೇ ಕಟ್ಟಾಗಿ ಹೋಗಿತ್ತು. ಪಾಸ್‌ಬುಕ್ ಬರೆಸಿದಾಗಷ್ಟೇ ಅದು ಕಣ್ಣಿಗೆ ಬಿತ್ತು. 2024ರಲ್ಲಿ ಅವರು ಕಾರ್ಡನ್ನು ಮುಚ್ಚಿಸಲು ಹೊರಟರು. ಗುರುತು ಹತ್ತದಂತೆ ಬ್ಯಾಂಕಿನ ಹೆಸರು ಬಿಟ್ಟಿದ್ದೇವೆ, ದಿನಾಂಕ ಮತ್ತು ಮೊತ್ತಗಳನ್ನು ಲೆಕ್ಕ ಅರ್ಥವಾಗುವಂತೆ ಹೊಂದಿಸಿದ್ದೇವೆ.

ಅವರು ಬರೆದದ್ದು ಎರಡು ಪತ್ರ. ಮೊದಲನೆಯದರಿಂದ ಏನೂ ಆಗಲಿಲ್ಲ, ಎರಡನೆಯದರಿಂದ ಕಾರ್ಡ್ ಮುಚ್ಚಿತು. ಎರಡರಲ್ಲೂ ಕಾರ್ಡ್ ಬೇಡ ಎಂದೇ ಇತ್ತು. ಆದರೆ ಬಾಕಿ ಯಾವ ದಿನಕ್ಕೆ ಸೊನ್ನೆ, ಕೋರಿಕೆ ಯಾವ ದಿನ ತಲುಪಿತು ಎಂಬ ಎರಡು ಸಂಗತಿಯನ್ನು ಎರಡನೆಯ ಪತ್ರ ಮಾತ್ರ ಬರಹದಲ್ಲಿ ಹಿಡಿದಿಟ್ಟಿತ್ತು.

ಮೊದಲ ಪತ್ರ ಯಾಕೆ ಕೆಲಸ ಮಾಡಲಿಲ್ಲ

2024ರ ಏಪ್ರಿಲ್ 8ರಂದು ಕಸ್ಟಮರ್ ಕೇರ್‌ಗೆ ಹೋದ ಇಮೇಲ್ ಇಷ್ಟೇ ಇತ್ತು: "ನಾನು ಈ ಕಾರ್ಡ್ ಬಳಸುತ್ತಿಲ್ಲ. ವಾರ್ಷಿಕ ಶುಲ್ಕ ಹಾಕಬೇಡಿ, ಇಲ್ಲವಾದರೆ ಕಾರ್ಡ್ ಮುಚ್ಚಿಬಿಡಿ. ನನ್ನ ಬಾಕಿ ಏನೂ ಇಲ್ಲ."

ಸಮಯ ಸರಿಯಾಗಿಯೇ ಇತ್ತು. ಶುಲ್ಕ ಬೀಳುವುದಕ್ಕೆ ಇನ್ನೂ ಒಂದು ತಿಂಗಳಿತ್ತು. ಎಡವಿದ್ದು "ಇಲ್ಲವಾದರೆ" ಎಂಬ ಮಾತಿನಲ್ಲಿ. ಕಾರ್ಡ್ ಕೊಡುವ ಸಂಸ್ಥೆಗಳಲ್ಲಿ ಶುಲ್ಕದ ದೂರು ಒಂದು ವಿಭಾಗಕ್ಕೆ, ಮುಚ್ಚುವ ಕೋರಿಕೆ ಇನ್ನೊಂದಕ್ಕೆ ಹೋಗುತ್ತದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಕೇಳಿದರೆ ಓದುವವರು ತಮಗೆ ಹಗುರವಾದದ್ದನ್ನು ಆರಿಸಿಕೊಳ್ಳುತ್ತಾರೆ. ಇಲ್ಲೂ ಹಾಗೇ ಆಯಿತು. ಮೂರನೇ ದಿನ ಫೋನ್ ಬಂತು. ಒಂದು ಲಕ್ಷ ಖರ್ಚು ಮಾಡಿದರೆ ಶುಲ್ಕ ತಾನಾಗಿಯೇ ಹೋಗುತ್ತದೆ ಎಂದು ವಿವರಿಸಿದರು. ಶಿಕ್ಷಕಿ "ಸರಿ, ನೋಡ್ತೀನಿ" ಎಂದರು. ಅಷ್ಟಕ್ಕೆ ಕೋರಿಕೆ ಇತ್ಯರ್ಥವಾಗಿದೆ ಎಂಬ ಎಸ್ಸೆಮ್ಮೆಸ್ ಬಂತು. ಬ್ಯಾಂಕಿನ ದಾಖಲೆಯಲ್ಲಿ ಅದು ಶುಲ್ಕದ ವಿಚಾರಣೆ ಮಾತ್ರ, ಮುಚ್ಚುವ ಕೋರಿಕೆಯೇ ಅಲ್ಲ. ಫೋನಿನಲ್ಲಿ ಸಂಕೋಚಕ್ಕೆ ಹೇಳುವ "ನೋಡ್ತೀನಿ" ರೆಕಾರ್ಡಿನಲ್ಲಿ ಒಪ್ಪಿಗೆಯಾಗಿ ಉಳಿಯುತ್ತದೆ.

"ಬಾಕಿ ಏನೂ ಇಲ್ಲ" ಎಂಬ ಮಾತೂ ಸಡಿಲವಾಗಿತ್ತು. ಯಾವ ದಿನಕ್ಕೆ ಇಲ್ಲ, ಎಲ್ಲಿ ನೋಡಿ ಹೇಳಿದ್ದು ಎಂಬ ವಿವರ ಇರಲಿಲ್ಲ. ಆ ದಿನ ಅದು ನಿಜವೇ ಆಗಿತ್ತು, ಆದರೆ ಮೇ 16ರ ಸ್ಟೇಟ್‌ಮೆಂಟ್ ಬಂದ ಕೂಡಲೇ ಸುಳ್ಳಾಯಿತು. ₹999 ಶುಲ್ಕ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ₹179.82, ಒಟ್ಟು ₹1,178.82. ಕಟ್ಟಲು ಕೊನೆಯ ದಿನ ಜೂನ್ 5.

ಏಳು ಕೆಲಸದ ದಿನದ ನಿಯಮ ಮತ್ತು ಅದರ ಷರತ್ತು

ಭಾರತೀಯ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡ್‌ಗಳ ಬಗ್ಗೆ ಹೊರಡಿಸಿದ ನಿರ್ದೇಶನ ಅದೇ ವರ್ಷದ ಜುಲೈ 1ರಿಂದ ಜಾರಿಗೆ ಬಂತು. ಈ ಪ್ರಕರಣ ನಡೆದ 2024ರಲ್ಲಿ ಅನ್ವಯವಾಗಿದ್ದು ಅದೇ. ಮುಚ್ಚುವ ಕೋರಿಕೆ ಬಂದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ಮುಚ್ಚಿದ ಕೂಡಲೇ ಇಮೇಲ್, ಎಸ್ಸೆಮ್ಮೆಸ್ ಮೂಲಕ ತಿಳಿಸಬೇಕು. ಸಹಾಯವಾಣಿ, ಅದಕ್ಕೆಂದೇ ಇರುವ ಇಮೇಲ್ ವಿಳಾಸ, ವೆಬ್‌ಸೈಟಿನಲ್ಲಿ ಎದ್ದು ಕಾಣುವ ಕೊಂಡಿ, ನೆಟ್ ಬ್ಯಾಂಕಿಂಗ್, ಮೊಬೈಲ್ ಆ್ಯಪ್ ಹೀಗೆ ಹಲವು ದಾರಿಯಲ್ಲಿ ಕೋರಿಕೆ ಪಡೆಯಬೇಕು. ಅಂಚೆಯಲ್ಲೇ ಕಳಿಸಿ ಎಂದು ಹಟ ಹಿಡಿಯುವಂತಿಲ್ಲ. ತಡವಾದರೆ ಪ್ರತಿ ದಿನಕ್ಕೆ ₹500ರಂತೆ ಗ್ರಾಹಕರಿಗೆ ಕೊಡಬೇಕು. ಏಳು ದಿನ ಎಣಿಸುವಾಗ ರಜೆ ಬಿಟ್ಟು ಎಣಿಸಬೇಕು, ದಂಡ ಎಣಿಸುವಾಗ ಭಾನುವಾರವೂ ಸೇರುತ್ತದೆ.

ಈ ಎಲ್ಲಕ್ಕೂ ಒಂದು ಷರತ್ತಿದೆ. ಮುಚ್ಚುವುದು ಎಲ್ಲ ಬಾಕಿ ತೀರಿಸಿದ್ದಕ್ಕೆ ಒಳಪಟ್ಟದ್ದು, ದಂಡವೂ ಖಾತೆಯಲ್ಲಿ ಬಾಕಿ ಇಲ್ಲದಿದ್ದರೆ ಮಾತ್ರ. ಅಂದರೆ ಒಂದೆರಡು ರೂಪಾಯಿ ಉಳಿದಿದ್ದರೂ ಕಾರ್ಡ್ ಸಂಸ್ಥೆಗೆ "ಬಾಕಿ ಇತ್ತು, ಅದಕ್ಕೇ ಮುಚ್ಚಲಿಲ್ಲ" ಎನ್ನುವ ನೆಪ ಸಿಗುತ್ತದೆ. ಹೆಚ್ಚಿನವರ ಪತ್ರ ಸೋಲುವುದು ಇಲ್ಲೇ. ವರ್ಷಗಟ್ಟಲೆ ಬಳಸದ ಕಾರ್ಡಿನಲ್ಲಿ ಬಾಕಿ ಎಲ್ಲಿಂದ ಬರಬೇಕು ಎಂದು ಅವರು ನೋಡಲೇ ಹೋಗುವುದಿಲ್ಲ. ವಾರ್ಷಿಕ ಶುಲ್ಕ ಬರುವುದೇ ಬಳಸದ ಕಾರ್ಡಿಗೆ.

ಒಂದು ವರ್ಷಕ್ಕಿಂತ ಹೆಚ್ಚು ಬಳಸದ ಕಾರ್ಡನ್ನು ಗ್ರಾಹಕರಿಗೆ ತಿಳಿಸಿ, 30 ದಿನದಲ್ಲಿ ಉತ್ತರ ಬಾರದಿದ್ದರೆ ಸಂಸ್ಥೆಯೇ ಮುಚ್ಚಬೇಕು ಎಂಬ ಮಾತೂ ಅದೇ ನಿರ್ದೇಶನದಲ್ಲಿದೆ. ಅಲ್ಲೂ ಬಾಕಿ ತೀರಿರಬೇಕೆಂಬ ಷರತ್ತು ಇದ್ದೇ ಇದೆ. ಆ ಸಂದೇಶ ಬಂದೀತು ಎಂದು ಕಾಯುತ್ತ ಕುಳಿತರೆ ಅಷ್ಟರಲ್ಲಿ ಶುಲ್ಕ ಬಿದ್ದಿರುತ್ತದೆ. ಬೇಡವಾದ ಕಾರ್ಡನ್ನು ತಾವೇ ಬರೆದು ಮುಚ್ಚಿಸುವುದು ಒಳ್ಳೆಯದು.

ಸೊನ್ನೆಯನ್ನು ಸೊನ್ನೆ ಮಾಡುವುದು

ಮೇ 16ರಂದು ಶುಲ್ಕ ಬಿದ್ದ ಮೇಲೆ ಶಿಕ್ಷಕಿಯ ಮುಂದೆ ಎರಡು ದಾರಿ ಇದ್ದವು. ಪೂರ್ತಿ ಹಣ ಕಟ್ಟಿ ಮುಚ್ಚಲು ಕೇಳುವುದು ಒಂದು, ಶುಲ್ಕವನ್ನು ವಾಪಸ್ ತೆಗೆಸಿ ಆಮೇಲೆ ಕೇಳುವುದು ಇನ್ನೊಂದು. ಕಟ್ಟದೆ ಸುಮ್ಮನಿರುವುದು ದಾರಿಯೇ ಅಲ್ಲ. ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚಾದರೆ ತಡಪಾವತಿ ಶುಲ್ಕ ಹಾಕಬಹುದು, ಎಲ್ಲರ ಸಾಲದ ದಾಖಲೆ ಇಡುವ ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೂ ವರದಿ ಮಾಡಬಹುದು. ₹999ರ ಜಗಳಕ್ಕೆ ಮುಂದಿನ ಗೃಹಸಾಲದ ಅರ್ಜಿಯನ್ನು ಒತ್ತೆ ಇಡುವುದು ಜಾಣತನವಲ್ಲ.

ಅವರು ಎರಡನೆಯ ದಾರಿ ಹಿಡಿದರು, ಆದರೆ ತಮಗೆ ತಾವೇ ಒಂದು ಗಡುವು ಹಾಕಿಕೊಂಡರು: ಮೇ 31ರೊಳಗೆ ಶುಲ್ಕ ವಾಪಸಾಗದಿದ್ದರೆ ಕಟ್ಟಿಬಿಡುವುದು. ಮೇ 20ರಂದು ಸಹಾಯವಾಣಿಗೆ ಫೋನ್ ಮಾಡಿ, ಕಾರ್ಡ್ ಒಂದು ವರ್ಷದಿಂದ ಬಳಕೆಯಲ್ಲಿಲ್ಲ, ಏಪ್ರಿಲ್ 8ರಂದೇ ಬೇಡವೆಂದು ಬರೆದಿದ್ದೇನೆ ಎಂದು ತಿಳಿಸಿ ಕೋರಿಕೆಯ ಸಂಖ್ಯೆ ಬರೆದುಕೊಂಡರು. ಮೊದಲ ಇಮೇಲ್ ಕೊನೆಗೆ ಇಲ್ಲೊಂದು ಉಪಯೋಗಕ್ಕೆ ಬಂತು. ಮೇ 24ರಂದು ₹999 ಖಾತೆಗೆ ಜಮೆಯಾಯಿತು.

ಆದರೆ ಜಿಎಸ್‌ಟಿಯ ₹179.82 ಹಾಗೇ ಉಳಿಯಿತು. ಇದು ಸಾಮಾನ್ಯವಾಗಿ ನಡೆಯುವ ಸಂಗತಿ. ಸ್ಟೇಟ್‌ಮೆಂಟಿನಲ್ಲಿ ಶುಲ್ಕ ಒಂದು ಸಾಲು, ತೆರಿಗೆ ಇನ್ನೊಂದು ಸಾಲು. ಶುಲ್ಕ ತೆಗೆದವರು ತೆರಿಗೆಯನ್ನು ಅದೇ ದಿನ ತೆಗೆಯುತ್ತಾರೆಂದಿಲ್ಲ. ಮುಂದಿನ ಸ್ಟೇಟ್‌ಮೆಂಟಿನಲ್ಲಿ ಬರಬಹುದು, ಕೇಳದಿದ್ದರೆ ಬಾರದೆಯೂ ಇರಬಹುದು. "ಶುಲ್ಕ ರಿವರ್ಸ್ ಆಗಿದೆ" ಎಂಬ ಎಸ್ಸೆಮ್ಮೆಸ್ ನೋಡಿ ಬಾಕಿ ಸೊನ್ನೆ ಎಂದುಕೊಂಡು ಅಂದೇ ಪತ್ರ ಕಳಿಸಿದ್ದರೆ ಅದು ಬಾಕಿ ಇರುವ ಖಾತೆಯ ಕೋರಿಕೆಯಾಗಿ ಮೂಲೆ ಸೇರುತ್ತಿತ್ತು. ಜೂನ್ 5 ಹತ್ತಿರವಿದ್ದುದರಿಂದ ಶಿಕ್ಷಕಿ ಮೇ 27ರಂದು ₹179.82 ಕಟ್ಟಿದರು, ಆ ತೆರಿಗೆಯನ್ನು ಹಿಂದಿರುಗಿಸುವ ಕೋರಿಕೆಯನ್ನು ಪತ್ರದಲ್ಲೇ ಸೇರಿಸಿದರು. ಪೈಸೆ ಸಮೇತ ಕಟ್ಟಿದ್ದು ಸರಿ. ₹180 ಕಟ್ಟಿದ್ದರೆ 18 ಪೈಸೆ ಹೆಚ್ಚುವರಿ ಜಮೆಯಾಗಿ ನಿಲ್ಲುತ್ತಿತ್ತು. ಅಂಥ ಹಣವನ್ನು ಮುಚ್ಚಿದ ಮೇಲೆ ಗ್ರಾಹಕರ ಬ್ಯಾಂಕ್ ಖಾತೆಗೆ ವರ್ಗಾಯಿಸಬೇಕು ಎಂಬ ನಿಯಮವಿದೆ ನಿಜ, ಆದರೆ ಅದಕ್ಕೆ ಖಾತೆಯ ವಿವರ ಕೇಳಿ ಇನ್ನೊಂದು ಸುತ್ತು ಪತ್ರ ವ್ಯವಹಾರ ಶುರುವಾಗಬಹುದು.

ಕಟ್ಟಿದ ದಿನವೇ ಪತ್ರ ಕಳಿಸಲಿಲ್ಲ. ಹಣ ಕಾರ್ಡ್ ಖಾತೆಗೆ ಜಮೆಯಾಗಿ ಕಾಣಲು ಎರಡು ದಿನ ಹಿಡಿಯಿತು. ಮೇ 29ರಂದು ಅವರು ಆ್ಯಪ್‌ನಲ್ಲಿ ಮೂರು ಜಾಗ ನೋಡಿದರು. ಮೊದಲನೆಯದು ಈ ಕ್ಷಣದ ಒಟ್ಟು ಬಾಕಿ. ಇದನ್ನು ಕಳೆದ ಸ್ಟೇಟ್‌ಮೆಂಟಿನ ಬಾಕಿಯೊಂದಿಗೆ ಬೆರೆಸಬಾರದು. ಸ್ಟೇಟ್‌ಮೆಂಟ್ ಮುದ್ರಣವಾದ ದಿನದ ಲೆಕ್ಕ, ಆಮೇಲಿನದು ಅದರಲ್ಲಿ ಇರುವುದಿಲ್ಲ. ಎರಡನೆಯದು ಇನ್ನೂ ಬಿಲ್ ಆಗದ ವ್ಯವಹಾರಗಳ ಪಟ್ಟಿ. ಮೂರನೆಯದು ಕಂತು ಮತ್ತು ತಾನಾಗಿಯೇ ಕಡಿತವಾಗುವ ಚಂದಾಗಳ ಪಟ್ಟಿ. ಕಾರ್ಡ್ ಕಳೆದುಹೋದರೆ ರಕ್ಷಣೆ ಕೊಡುವ ಯೋಜನೆ, ಅಪಘಾತ ವಿಮೆ, ಒಟಿಟಿ ಚಂದಾ ಇಂಥವು ಬಳಸದ ಕಾರ್ಡಿನಲ್ಲೂ ವರ್ಷಕ್ಕೊಮ್ಮೆ ಸದ್ದಿಲ್ಲದೆ ಬೀಳುತ್ತವೆ. ಇವರಿಗೆ ಅಂಥದ್ದೇನೂ ಇರಲಿಲ್ಲ. ಮೂರೂ ಪರದೆಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟರು, ದಿನಾಂಕ ಮತ್ತು ಸಮಯ ಕಾಣುವಂತೆ.

ಹಿಂದಿನ ತಿಂಗಳ ಬಾಕಿಯನ್ನು ಪೂರ್ತಿ ಕಟ್ಟದೆ ಎಳೆದುಕೊಂಡು ಬಂದವರಿಗೆ ಇಷ್ಟು ಸಾಲದು. ಅವರ ಮೇಲೆ ಬಡ್ಡಿ ದಿನದ ಲೆಕ್ಕದಲ್ಲಿ ಏರಿರುತ್ತದೆ. ಇಂದು ಕಾಣುವ ಮೊತ್ತ ಕಟ್ಟಿದರೂ ಸ್ಟೇಟ್‌ಮೆಂಟ್ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಸ್ಟೇಟ್‌ಮೆಂಟಿನಲ್ಲಿ ಬರುತ್ತದೆ. ಅವರು ಇನ್ನೊಂದು ಸ್ಟೇಟ್‌ಮೆಂಟ್ ಬರುವವರೆಗೆ ಕಾದು, ಆ ಚಿಲ್ಲರೆಯನ್ನೂ ತೀರಿಸಿ ಬರೆಯುವುದು ಸರಿ.

ಎರಡನೆಯ ಪತ್ರ

ಮೇ 30, ಗುರುವಾರ ಬೆಳಿಗ್ಗೆ ಬ್ಯಾಂಕಿನಲ್ಲಿ ನೋಂದಾಯಿಸಿದ ಇಮೇಲ್ ವಿಳಾಸದಿಂದಲೇ ಈ ಪತ್ರ ಹೋಯಿತು. ಅದೇ ಹೊತ್ತಿಗೆ ಆ್ಯಪ್‌ನಲ್ಲಿ ಕಾರ್ಡ್ ಮುಚ್ಚುವ ಕೋರಿಕೆಯನ್ನೂ ಹಾಕಿ, ಸಿಕ್ಕ ಸಂಖ್ಯೆಯನ್ನು ಪತ್ರದಲ್ಲಿ ಬರೆದರು.

> ವಿಷಯ: ಕ್ರೆಡಿಟ್ ಕಾರ್ಡ್ ಮುಚ್ಚುವ ಕೋರಿಕೆ – ಕೊನೆಯ ನಾಲ್ಕು ಅಂಕಿ 4417
>
> ದಿನಾಂಕ: 30 ಮೇ 2024
>
> ಮಾನ್ಯರೇ,
>
> ನನ್ನ ಹೆಸರಿನಲ್ಲಿರುವ, 4417 ಎಂದು ಕೊನೆಗೊಳ್ಳುವ ಕ್ರೆಡಿಟ್ ಕಾರ್ಡನ್ನೂ ಅದರ ಖಾತೆಯನ್ನೂ ಶಾಶ್ವತವಾಗಿ ಮುಚ್ಚಬೇಕೆಂದು ಕೋರುತ್ತೇನೆ. ಈ ಕಾರ್ಡಿಗೆ ಹೆಚ್ಚುವರಿ ಕಾರ್ಡ್‌ಗಳಿಲ್ಲ. ಆ್ಯಪ್‌ನಲ್ಲಿಯೂ ಇಂದೇ ಕೋರಿಕೆ ಸಲ್ಲಿಸಿದ್ದೇನೆ. ಅದರ ಸಂಖ್ಯೆ: ________.
>
> 16 ಮೇ 2024ರ ಸ್ಟೇಟ್‌ಮೆಂಟಿನಲ್ಲಿದ್ದ ವಾರ್ಷಿಕ ಶುಲ್ಕ ₹999 ದಿನಾಂಕ 24 ಮೇ 2024ರಂದು ಹಿಂದಿರುಗಿದೆ. ಉಳಿದ ಜಿಎಸ್‌ಟಿ ₹179.82ನ್ನು ನಾನು 27 ಮೇ 2024ರಂದು ಪಾವತಿಸಿದ್ದೇನೆ. ಪಾವತಿ ಸಂಖ್ಯೆ: ________. 29 ಮೇ 2024ರಂದು ನಿಮ್ಮ ಆ್ಯಪ್‌ನಲ್ಲಿ ಒಟ್ಟು ಬಾಕಿ ₹0.00 ಎಂದಿದೆ. ಬಿಲ್ ಆಗದ ವ್ಯವಹಾರ, ಕಂತು ಅಥವಾ ಚಾಲ್ತಿಯಲ್ಲಿರುವ ಚಂದಾ ಇಲ್ಲ. ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇನೆ.
>
> ಖಾತೆಯಲ್ಲಿ ಬಾಕಿ ಸೊನ್ನೆ ಇರುವುದನ್ನು ಬರಹದಲ್ಲಿ ದೃಢಪಡಿಸಿ. ನಿಮ್ಮ ದಾಖಲೆಯಲ್ಲಿ ಬೇರೆ ಬಾಕಿ ಕಂಡರೆ ಅದರ ಮೊತ್ತ, ದಿನಾಂಕ ಮತ್ತು ಕಾರಣವನ್ನು ಎರಡು ಕೆಲಸದ ದಿನದೊಳಗೆ ತಿಳಿಸಿ, ಕೂಡಲೇ ಪಾವತಿಸುತ್ತೇನೆ.
>
> ಶುಲ್ಕ ಮನ್ನಾ, ಬೇರೆ ಕಾರ್ಡಿಗೆ ಬದಲಾವಣೆ ಅಥವಾ ಇನ್ನಾವುದೇ ಕೊಡುಗೆ ನನಗೆ ಬೇಡ. ಈ ಕೋರಿಕೆಯನ್ನು ಫೋನ್ ಮಾತುಕತೆಯ ಆಧಾರದ ಮೇಲೆ ಹಿಂಪಡೆದಂತೆ ಪರಿಗಣಿಸಬೇಡಿ.
>
> ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಏಳು ಕೆಲಸದ ದಿನದೊಳಗೆ ಖಾತೆ ಮುಚ್ಚಿ, ಮುಚ್ಚಿದ ದಿನಾಂಕವಿರುವ ಬಾಕಿ ಇಲ್ಲದ ಪ್ರಮಾಣಪತ್ರ ಕಳಿಸಿ. ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೆ 30 ದಿನದೊಳಗೆ ವರದಿ ಮಾಡಿ. ಹಿಂದಿರುಗಿದ ಶುಲ್ಕದ ಮೇಲಿನ ಜಿಎಸ್‌ಟಿ ₹179.82ನ್ನು ನನ್ನ ಉಳಿತಾಯ ಖಾತೆಗೆ ಜಮೆ ಮಾಡಿ. ಈ ಜಮೆ ತಡವಾದರೂ ಕಾರ್ಡ್ ಮುಚ್ಚುವುದನ್ನು ತಡೆಹಿಡಿಯಬೇಡಿ.
>
> ಇಂತಿ,
> (ಹೆಸರು, ನೋಂದಾಯಿತ ಮೊಬೈಲ್ ಸಂಖ್ಯೆ)

ಪತ್ರದಲ್ಲಿ ಕಾರ್ಡಿನ ಪೂರ್ತಿ ಸಂಖ್ಯೆ ಇಲ್ಲ, ಹಿಂಬದಿಯ ಮೂರು ಅಂಕಿಯೂ ಇಲ್ಲ. ಕೊನೆಯ ನಾಲ್ಕು ಅಂಕಿ, ನೋಂದಾಯಿತ ಇಮೇಲ್, ಮೊಬೈಲ್ ಸಂಖ್ಯೆ ಇದ್ದರೆ ಖಾತೆ ಹುಡುಕಲು ಸಾಕು. ಕಾರ್ಡಿನ ಫೋಟೊ ಲಗತ್ತಿಸುವವರೂ ಇದ್ದಾರೆ. ಅದರಿಂದ ಅಪಾಯವೇ ಹೊರತು ಪ್ರಯೋಜನವಿಲ್ಲ.

"ಬಾಕಿ ಸೊನ್ನೆ" ಎಂಬುದನ್ನು ಪತ್ರ ತಾನೇ ಘೋಷಿಸಿ ಸುಮ್ಮನಾಗಿಲ್ಲ ಎಂಬುದನ್ನು ಗಮನಿಸಬೇಕು. ಅದು ಬ್ಯಾಂಕಿನದೇ ಆ್ಯಪ್ ಹೇಳಿದ ಮೊತ್ತವನ್ನು ದಿನಾಂಕದೊಂದಿಗೆ ಎತ್ತಿ ತೋರಿಸಿ, ಒಪ್ಪಿ ಎನ್ನುತ್ತದೆ, ಒಪ್ಪದಿದ್ದರೆ ಎಷ್ಟು ಬಾಕಿ ಎಂದು ಹೇಳಿ ಎನ್ನುತ್ತದೆ. ಹೀಗೆ ಬರೆದರೆ ಹದಿನೈದು ದಿನ ಕಳೆದ ಮೇಲೆ "ಬಾಕಿ ಇತ್ತು" ಎಂದು ನುಣುಚಿಕೊಳ್ಳುವುದು ಕಷ್ಟ. ಅದರಲ್ಲಿ ಹಾಕಿದ ಎರಡು ಕೆಲಸದ ದಿನದ ಗಡುವು ನಿಯಮದ್ದಲ್ಲ, ಗ್ರಾಹಕಿಯ ವಿನಂತಿ ಮಾತ್ರ. ಬ್ಯಾಂಕ್ ಅದನ್ನು ಮೀರಿದರೆ ದಂಡವೇನಿಲ್ಲ. ಆದರೆ ಕೇಳಿದಾಗ ತಿಳಿಸಲಿಲ್ಲ ಎಂಬುದು ಬರಹದಲ್ಲಿ ಉಳಿಯುತ್ತದೆ.

ಜಿಎಸ್‌ಟಿ ವಾಪಸಾತಿಯನ್ನು ಅದೇ ಪತ್ರದಲ್ಲಿ ಕೇಳಿದ್ದು ಸರಿಯೇ ಎಂಬ ಬಗ್ಗೆ ಎರಡು ಅಭಿಪ್ರಾಯ ಇರಬಹುದು. ಮೊದಲ ಪತ್ರದ ಹಾಗೆ ಎರಡು ಬೇಡಿಕೆ ಸೇರಿದಂತಾಗಲಿಲ್ಲವೇ? ಆ ಅಪಾಯ ಇದೆ. ಅದಕ್ಕೇ ಕೊನೆಯ ವಾಕ್ಯ ಬೇಕಾಯಿತು. ನಮ್ಮ ಮಟ್ಟಿಗೆ, ಮೊತ್ತ ಇಷ್ಟು ಸಣ್ಣದಾಗಿದ್ದರೆ ಅದನ್ನು ಬೇರೆ ಇಮೇಲಿನಲ್ಲಿ ಕೇಳುವುದು ಇನ್ನೂ ಒಳ್ಳೆಯದು.

ಇಮೇಲ್ ವಿಭಾಗ ಬೇರೆ ರಾಜ್ಯದಲ್ಲಿದ್ದರೆ ಇದೇ ಪತ್ರವನ್ನು ಇಂಗ್ಲಿಷಿನಲ್ಲಿ ಕಳಿಸುವುದು ಬೇಗ ಆಗುವ ಕೆಲಸ. ಆಗಲೂ ವಿಷಯದ ಸಾಲಿನಲ್ಲಿ ಮುಚ್ಚುವ ಕೋರಿಕೆ ಎಂಬುದೊಂದೇ ಇರಲಿ, ಶುಲ್ಕದ ಮಾತು ಅಲ್ಲಿ ಬರಬಾರದು. ಪತ್ರ ಯಾವ ವಿಭಾಗಕ್ಕೆ ಹೋಗಬೇಕು ಎಂಬುದು ಬಹಳ ಸಲ ಆ ಸಾಲಿನ ಮೇಲೇ ತೀರ್ಮಾನವಾಗುತ್ತದೆ. ಶಾಖೆಗೆ ಹೋದರೆ "ಕಾರ್ಡ್ ವಿಭಾಗ ಬೇರೆ, ನಮ್ಮ ಕೈಲಿಲ್ಲ" ಎಂಬ ಉತ್ತರ ಬರುವುದೇ ಹೆಚ್ಚು. ಆದರೂ ಪತ್ರ ಕೊಡುವುದಾದರೆ ನಕಲಿನ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು.

ನಡುವೆ ಬಂದ ಫೋನ್

ಜೂನ್ 3ರಂದು ಬ್ಯಾಂಕಿನಿಂದ ಕರೆ ಬಂತು. ಗ್ರಾಹಕರನ್ನು ಉಳಿಸಿಕೊಳ್ಳುವುದೇ ಕೆಲಸವಾಗಿರುವ ತಂಡದ ಕರೆ ಅದು.

"ಮೇಡಂ, ನಿಮ್ಮ ಕಾರ್ಡನ್ನ ಲೈಫ್‌ಟೈಮ್ ಫ್ರೀ ಮಾಡಿಕೊಡ್ತೀವಿ, ಇಟ್ಕೊಳಿ. ಮುಚ್ಚಿಸಿದ್ರೆ ಸ್ಕೋರ್ ಕಮ್ಮಿ ಆಗುತ್ತೆ."

"ಬೇಡಪ್ಪ, ಮೇ 30ನೇ ತಾರೀಕು ಮೇಲ್ ಹಾಕಿದೀನಲ್ಲ, ಅದರಲ್ಲಿರೋ ಹಾಗೆ ಮುಚ್ಚಿಬಿಡಿ. ಏನಾದ್ರೂ ಹೇಳೋದಿದ್ರೆ ಮೇಲ್‌ನಲ್ಲೇ ಹೇಳಿ."

ಇಷ್ಟೇ ಸಾಕು. ಇಲ್ಲಿ ಕಾರಣ ಹೇಳಲು ಹೋದರೆ ಪ್ರತಿ ಕಾರಣಕ್ಕೂ ಒಂದು ಕೊಡುಗೆ ಸಿದ್ಧವಿರುತ್ತದೆ. ಮುಚ್ಚುವ ಹೆಸರಿನಲ್ಲಿ ಒಟಿಪಿ, ಪಿನ್ ಅಥವಾ ಕಾರ್ಡಿನ ಹಿಂಬದಿಯ ಅಂಕಿ ಕೇಳಿದರೆ ಕರೆ ಕತ್ತರಿಸಬೇಕು. ಕಾರ್ಡ್ ಮುಚ್ಚುವುದಕ್ಕೆ ಫೋನ್ ಮಾಡಿದವರಿಗೆ ಒಟಿಪಿ ಓದಿ ಹೇಳುವ ಅಗತ್ಯ ಎಂದೂ ಬರುವುದಿಲ್ಲ.

ಕ್ರೆಡಿಟ್ ಸ್ಕೋರ್ ಬಗ್ಗೆ ಆ ಕರೆಯಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಶಿಕ್ಷಕಿಗೆ ಇನ್ನೊಂದು ಕಾರ್ಡ್ ಇತ್ತು. ಅದರ ಮಿತಿ ₹60,000, ತಿಂಗಳಿಗೆ ಸುಮಾರು ₹20,000 ಬಳಕೆ. ಬಳಸದ ಕಾರ್ಡಿನ ಮಿತಿ ₹1,50,000. ಎರಡೂ ಇದ್ದಾಗ ಒಟ್ಟು ಮಿತಿಯಲ್ಲಿ ಬಳಕೆ ಶೇಕಡಾ 9.5ರಷ್ಟು, ಒಂದು ಮುಚ್ಚಿದರೆ ಅದೇ ₹20,000 ಶೇಕಡಾ 33 ಆಗುತ್ತದೆ. ಈ ಪ್ರಮಾಣ ಏರಿದಾಗ ಸ್ಕೋರ್ ಇಳಿಯಬಹುದು. ಮುಂದಿನ ಎರಡು ಮೂರು ತಿಂಗಳಲ್ಲಿ ಗೃಹಸಾಲದ ಅರ್ಜಿ ಇರುವವರು ಸಾಲ ಮಂಜೂರಾದ ಮೇಲೆ ಮುಚ್ಚಿಸುವುದು ಮೇಲು, ಅದಕ್ಕಾಗಿ ಒಂದು ವರ್ಷದ ಶುಲ್ಕ ಹೋದರೂ ಸರಿ. ಇವರಿಗೆ ಅಂಥ ಅರ್ಜಿ ಇರಲಿಲ್ಲ.

ದಿನಗಳ ಎಣಿಕೆ

ಮೇ 30ರಂದು ಕೋರಿಕೆ ತಲುಪಿತು. ಮರುದಿನದಿಂದ ಎಣಿಸಿದರೆ ಮೇ 31 ಶುಕ್ರವಾರ ಒಂದನೆಯ ಕೆಲಸದ ದಿನ. ಜೂನ್ 1 ತಿಂಗಳ ಮೊದಲ ಶನಿವಾರ, ಬ್ಯಾಂಕುಗಳಿಗೆ ಕೆಲಸದ ದಿನವೇ, ಅದು ಎರಡನೆಯದು. ಭಾನುವಾರ ಬಿಟ್ಟು ಜೂನ್ 3ರಿಂದ 7ರವರೆಗೆ ಐದು. ಹೀಗೆ ಏಳನೆಯ ದಿನ ಜೂನ್ 7, ಶುಕ್ರವಾರ.

ಅಂದು ಸಂಜೆಯವರೆಗೂ ಏನೂ ಬರಲಿಲ್ಲ. ಜೂನ್ 10ರಂದು ಶಿಕ್ಷಕಿ ಅದೇ ಇಮೇಲಿಗೆ ಉತ್ತರವಾಗಿ ಮೂರು ಸಾಲು ಬರೆದರು: ಕೋರಿಕೆ ತಲುಪಿದ ದಿನ, ಏಳನೆಯ ಕೆಲಸದ ದಿನ, ಜೂನ್ 8ರಿಂದ ದಿನಕ್ಕೆ ₹500 ಅನ್ವಯವಾಗುತ್ತದೆ ಎಂಬ ನೆನಪು. ಹೊಸ ಇಮೇಲ್ ತೆರೆಯದೆ ಹಳೆಯದಕ್ಕೇ ಉತ್ತರಿಸಿದ್ದು ಮುಖ್ಯ. ಹೊಸದು ತೆರೆದರೆ ಹೊಸ ಕೋರಿಕೆ ಸಂಖ್ಯೆ ಹುಟ್ಟಿ, ಎಣಿಕೆ ಅಲ್ಲಿಂದ ಶುರು ಎನ್ನುವ ವಾದ ಬರುತ್ತದೆ. ಸಹಾಯವಾಣಿಗೆ ಫೋನ್ ಮಾಡಿ ಮತ್ತೆ ಕೇಳುವವರಿಗೂ ಇದೇ ತೊಂದರೆ.

ಜೂನ್ 12ರಂದು ಖಾತೆ ಮುಚ್ಚಿದ ಎಸ್ಸೆಮ್ಮೆಸ್ ಬಂತು. ತಡ ಎಷ್ಟು ದಿನ? ಜೂನ್ 8 ಎರಡನೇ ಶನಿವಾರ, 9 ಭಾನುವಾರ, ಎರಡೂ ಬ್ಯಾಂಕಿಗೆ ರಜೆ. ಆದರೆ ದಂಡದ ಲೆಕ್ಕ ಕ್ಯಾಲೆಂಡರ್ ದಿನದ ಮೇಲೆ ಇರುವುದರಿಂದ ಅವೂ ಸೇರುತ್ತವೆ. 8ರಿಂದ 12ರವರೆಗೆ ಐದು ದಿನ, ₹2,500. ಮುಚ್ಚಿದ ದಿನವನ್ನು ಬಿಟ್ಟರೆ ನಾಲ್ಕು ದಿನ, ₹2,000. ಶಿಕ್ಷಕಿ ₹2,500 ಕೇಳಿ ಬರೆದರು, ಬ್ಯಾಂಕ್ ನಾಲ್ಕು ದಿನದ ಲೆಕ್ಕ ಹಿಡಿದು ₹2,000 ಮತ್ತು ಜಿಎಸ್‌ಟಿಯ ₹179.82 ಉಳಿತಾಯ ಖಾತೆಗೆ ಹಾಕಿತು. ಒಂದು ದಿನದ ವ್ಯತ್ಯಾಸಕ್ಕೆ ಅವರು ಮುಂದುವರಿಸಲಿಲ್ಲ. ಕೇಳದೆ ಈ ಹಣ ಬರುತ್ತದೆಂದು ಕಾಯಬಾರದು. ಕೇಳುವಾಗ ಎರಡು ದಿನಾಂಕ ಮತ್ತು ಗುಣಾಕಾರ ಸಾಕು, ಬೈಗುಳ ಬೇಡ.

ಬ್ಯಾಂಕ್ ಉತ್ತರಿಸದೇ ಹೋಗಿದ್ದರೆ ಮುಂದಿನ ಮೆಟ್ಟಿಲು ಅದರ ಕುಂದುಕೊರತೆ ಅಧಿಕಾರಿ. ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ತಾಣದಲ್ಲಿ ಶುಲ್ಕವಿಲ್ಲದೆ ದೂರಬಹುದು. ಮೊದಲು ಬ್ಯಾಂಕಿಗೆ ಬರೆದ ದೂರಿನ ಪ್ರತಿ ಇಲ್ಲದೆ ನೇರವಾಗಿ ಅಲ್ಲಿಗೆ ಹೋದರೆ ದೂರು ತಿರಸ್ಕೃತವಾಗುತ್ತದೆ. ಎಲ್ಲವನ್ನೂ ಒಂದೇ ಇಮೇಲ್ ಸರಣಿಯಲ್ಲಿ ಇಟ್ಟುಕೊಂಡಿದ್ದರೆ ಆಗ ಅದನ್ನೇ ಪಿಡಿಎಫ್ ಮಾಡಿ ಹಾಕಬಹುದು.

ಮುಚ್ಚಿದ ಮೇಲೆ

ಎಸ್ಸೆಮ್ಮೆಸ್ ಬಂದ ಮೇಲೂ ಶಿಕ್ಷಕಿ ಬಾಕಿ ಇಲ್ಲದ ಪ್ರಮಾಣಪತ್ರ ಬರುವವರೆಗೆ ಕಾದರು. ಎಸ್ಸೆಮ್ಮೆಸ್ ಅಳಿಸಿಹೋಗಬಹುದು, ಮೊಬೈಲ್ ಬದಲಾಗಬಹುದು. ಜೊತೆಗೆ "ಕಾರ್ಡ್ ನಿಷ್ಕ್ರಿಯಗೊಳಿಸಲಾಗಿದೆ" ಎಂಬ ಸಂದೇಶ ಬಂದರೆ ಖಾತೆ ಮುಚ್ಚಿತೆಂದು ಅರ್ಥವಲ್ಲ. ಪ್ಲಾಸ್ಟಿಕ್ ಕಾರ್ಡ್ ಬ್ಲಾಕ್ ಆಗಿ ಖಾತೆ ತೆರೆದೇ ಇದ್ದರೆ ಮುಂದಿನ ಮೇ ತಿಂಗಳಲ್ಲಿ ಶುಲ್ಕ ಮತ್ತೆ ಬರುತ್ತದೆ. ಪ್ರಮಾಣಪತ್ರದಲ್ಲಿ ಖಾತೆ ಮುಚ್ಚಿದೆ ಎಂಬ ಮಾತು ಮತ್ತು ದಿನಾಂಕ ಎರಡೂ ಇರಬೇಕು.

ಅದು ಕೈಸೇರಿದ ಮೇಲೆ ಉಳಿತಾಯ ಖಾತೆಯಿಂದ ಕಾರ್ಡ್ ಬಿಲ್ ತಾನಾಗಿಯೇ ಕಟ್ಟುವ ಆಟೋ ಡೆಬಿಟ್ ಆದೇಶವನ್ನು ರದ್ದು ಮಾಡಿಸಿದರು. ಇದನ್ನು ಮೊದಲೇ ರದ್ದು ಮಾಡಿದರೆ ನಡುವೆ ಬಿದ್ದ ಚಿಲ್ಲರೆ ಬಾಕಿ ಕಟ್ಟದೆ ಉಳಿದು ತಡಪಾವತಿಗೆ ದಾರಿಯಾದೀತು. ಕಾರ್ಡನ್ನು ಚಿಪ್ ಮತ್ತು ಹಿಂಬದಿಯ ಕಪ್ಪು ಪಟ್ಟಿ ಎರಡೂ ತುಂಡಾಗುವಂತೆ ಕತ್ತರಿಸಿದರು.

ಜುಲೈ ಕೊನೆಯಲ್ಲಿ ಕ್ರೆಡಿಟ್ ವರದಿ ತೆಗೆದು ನೋಡಿದರು. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಅಂಥ ಸಂಸ್ಥೆಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಸಿಬಿಲ್ ವರದಿಯಲ್ಲಿ ಆ ಕಾರ್ಡಿನ ಎದುರು ಮುಚ್ಚಿದ ದಿನಾಂಕ ಜೂನ್ 12 ಎಂದು, ಬಾಕಿ ಸೊನ್ನೆ ಎಂದು ಇತ್ತು. ಇನ್ನೊಂದು ಸಂಸ್ಥೆಯ ವರದಿಯಲ್ಲಿ ಖಾತೆ ಇನ್ನೂ ತೆರೆದಂತೆಯೇ ಇತ್ತು. ಪ್ರಮಾಣಪತ್ರ ಲಗತ್ತಿಸಿ ಆ ಸಂಸ್ಥೆಯ ತಾಣದಲ್ಲಿ ತಿದ್ದುಪಡಿ ಕೋರಿಕೆ ಹಾಕಿದರು. ಇಂಥ ಕೋರಿಕೆ 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ ಕೊನೆಯಿಂದ ಜಾರಿಯಲ್ಲಿತ್ತು. ಅದರ ಅಗತ್ಯ ಬೀಳಲಿಲ್ಲ, ಮೂರು ವಾರದಲ್ಲಿ ಅಲ್ಲೂ ಮುಚ್ಚಿದ ದಿನಾಂಕ ಬಂತು.